ಮೂರೇ ಏಕೆ? ಕಂಟ್ರೋಲ್ ಚಾರ್ಟಿನ ಗೆರೆಗಳು ಉದ್ಯಮಬಾಗಕ್ಕೆ ಬಂದ ದಾರಿ

ಕಳೆದ ತಿಂಗಳು ಸದಾಶಿವನಗರದ ನಮ್ಮ ಮನೆಗೆ ಪರಿಚಯದ ಹುಡುಗನೊಬ್ಬ ಬಂದಿದ್ದ. ಉದ್ಯಮಬಾಗದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ. ಕೈಯಲ್ಲಿ ಬಣ್ಣದ ಪ್ರಿಂಟ್‌ಔಟ್ ಇತ್ತು. ಹೈಡ್ರಾಲಿಕ್ ವಾಲ್ವಿನ ಸ್ಪೂಲಿಗೆ ಗ್ರೈಂಡಿಂಗ್ ಮಾಡುವ ಮಶೀನಿನ ಕಂಟ್ರೋಲ್ ಚಾರ್ಟ್ ಅದು. ಚುಕ್ಕಿಗಳೆಲ್ಲ ನಡುವಿನಲ್ಲಿ ತಣ್ಣಗೆ ಮಲಗಿದ್ದವು, ಮೇಲಿನ ಕೆಳಗಿನ ಗೆರೆಗಳು ಬಹಳ ದೂರದಲ್ಲಿದ್ದವು. ‘ಆರು ತಿಂಗಳಿಂದ ಒಂದೂ ಚುಕ್ಕಿ ಹೊರಗ ಹೋಗಿಲ್ರಿ ಸರ್, ಆದರೂ ರಿಜೆಕ್ಷನ್ ಬರಾಕತ್ತೇತಿ’ ಎಂದ. ಗೆರೆ ಎಲ್ಲಿಂದ ಬಂತೆಂದು ಕೇಳಿದೆ. ಮೇಲಿನದು ಡ್ರಾಯಿಂಗಿನ ಟಾಲರೆನ್ಸ್, ಕೆಳಗಿನದೂ ಅದೇ. ಹಾಗಾದರೆ ಮೂರು ಸಿಗ್ಮಾ ಎಂದು ಕಲಿತದ್ದು ಯಾವುದಕ್ಕೆ ಎಂದೆ. ‘ಶೇಕಡಾ 99.73ಕ್ಕೆ’ ಎಂದು ತಟ್ಟನೆ ಉತ್ತರ ಬಂತು.

ಎರಡೂ ತಪ್ಪು ಅವನೊಬ್ಬನದಲ್ಲ. ಮೊದಲನೆಯದು ಬೆಳಗಾವಿಯ ಶಾಪ್ ಫ್ಲೋರುಗಳಲ್ಲಿ ನಾನು ಮೂವತ್ತೈದು ವರ್ಷ ಕಂಡದ್ದು. ಎರಡನೆಯದು ನಮ್ಮ ಪಠ್ಯಪುಸ್ತಕಗಳೇ ಬಿತ್ತಿದ್ದು. ಈ ಗೆರೆಗಳು ಎಲ್ಲಿ ಹುಟ್ಟಿದವು, ನಮ್ಮೂರಿಗೆ ಹೇಗೆ ಬಂದವು, ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡವು ಎಂದು ಒಮ್ಮೆ ಬರೆದಿಡಬೇಕು ಅನ್ನಿಸಿದ್ದು ಆ ಸಂಜೆ.

ಹುಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. 1924ರ ಮೇ 16ರಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದ. ಅದರಲ್ಲಿ ಒಂದು ಚಿತ್ರವಿತ್ತು. ಅದೇ ಮೊದಲ ಕಂಟ್ರೋಲ್ ಚಾರ್ಟ್. ಟೆಲಿಫೋನ್ ಸಾಮಾನಿನ ಕಾರ್ಖಾನೆಯಲ್ಲಿ ಅವನು ಕಂಡ ತೊಂದರೆ ಸರಳವಾದದ್ದು. ಅಳತೆ ಚೂರು ಹೆಚ್ಚಾದರೆ ಮಶೀನ್ ತಿರುವುತ್ತಿದ್ದರು, ಚೂರು ಕಡಿಮೆಯಾದರೆ ಮತ್ತೆ ತಿರುವುತ್ತಿದ್ದರು. ಹೀಗೆ ತಿರುವಿ ತಿರುವಿ ಇದ್ದ ಏರುಪೇರನ್ನು ಹೆಚ್ಚು ಮಾಡಿಕೊಳ್ಳುತ್ತಿದ್ದರು. ಪ್ರತಿ ಮಶೀನಿಗೂ ತನ್ನದೇ ಆದ ಒಂದು ಸಹಜ ಅಲುಗಾಟ ಇರುತ್ತದೆ, ಅದಕ್ಕೆ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಅದರಾಚೆಗೆ ಚಕ್ರ ಸವೆದದ್ದು, ಬಾರ್ ಬದಲಾದದ್ದು, ಕೂಲಂಟ್ ನಿಂತದ್ದು ಹೀಗೆ ಬೆರಳಿಟ್ಟು ತೋರಿಸಬಹುದಾದ ಕಾರಣಗಳೂ ಇರುತ್ತವೆ. ಈ ಎರಡನ್ನು ಬೇರೆ ಮಾಡುವುದಕ್ಕೆ ಅವನು ಗೆರೆ ಎಳೆದ.

ಮೂರು ಎಂಬ ಅಂಕಿಯ ವಿವರಣೆ ಬಂದದ್ದು ಅವನ 1931ರ ಪುಸ್ತಕದಲ್ಲಿ. ಶೇಕಡಾ 99.73 ಎಂದು ಕಲಿಸುವವರು ಆ ಪುಟಗಳನ್ನು ತೆರೆದಿಲ್ಲ ಎಂಬುದು ನನ್ನ ಗುಮಾನಿ. ಅಲ್ಲಿ ಅವನು ನಾರ್ಮಲ್ ಕೋಷ್ಟಕದಿಂದ ಶುರುಮಾಡುವುದಿಲ್ಲ. ಕಾರ್ಖಾನೆಯ ಅಳತೆಗಳು ಯಾವ ಆಕಾರದ ಹಂಚಿಕೆಯಿಂದ ಬರುತ್ತವೆ ಎಂದು ಯಾರಿಗೂ ನಿಖರವಾಗಿ ತಿಳಿದಿರುವುದಿಲ್ಲ, ಆದ್ದರಿಂದ ಹೊರಗೆ ಬೀಳುವ ಸಂಭವವನ್ನು ನಿಖರವಾಗಿ ಹೇಳಲೂ ಆಗದು ಎಂಬುದೇ ಅವನ ಮೊದಲ ಮಾತು. ಚೆಬಿಶೆವ್ ಎಂಬ ರಷ್ಯನ್ ಗಣಿತಜ್ಞನ ನಿಯಮದ ಪ್ರಕಾರ, ಹಂಚಿಕೆ ಯಾವ ಆಕಾರದ್ದಾದರೂ ಮೂರು ಸಿಗ್ಮಾದೊಳಗೆ ಕನಿಷ್ಠ ಒಂಬತ್ತರಲ್ಲಿ ಎಂಟು ಪಾಲು ಇದ್ದೇ ಇರುತ್ತದೆ. ಮಾಮೂಲು ಆಕಾರಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಪಾಲು ಒಳಗಿರುತ್ತದೆ. ಬಟ್ಟಲುಗಳಲ್ಲಿ ಅಂಕಿ ಬರೆದ ಬಿಲ್ಲೆಗಳನ್ನು ಹಾಕಿ, ನಾಲ್ಕು ನಾಲ್ಕರ ಗುಂಪು ತೆಗೆದು ಸರಾಸರಿ ನೋಡಿದ. ಬಟ್ಟಲು ಚಪ್ಪಟೆ ಹಂಚಿಕೆಯದಾಗಿರಲಿ, ತ್ರಿಕೋನದ್ದಾಗಿರಲಿ, ಸರಾಸರಿಗಳು ಗಂಟೆಯಾಕಾರದ ಹತ್ತಿರಕ್ಕೇ ಬಂದವು. ಕಡೆಗೆ ಅವನು ಹೇಳಿದ್ದು ಇಷ್ಟು: ಸುಳ್ಳು ಎಚ್ಚರಿಕೆಯ ಬೆನ್ನು ಹತ್ತಿ ಅಲೆಯುವ ಖರ್ಚು ಒಂದು ಕಡೆ, ನಿಜವಾದ ಕೆಡುಕನ್ನು ತಪ್ಪಿಸಿಕೊಳ್ಳುವ ಖರ್ಚು ಇನ್ನೊಂದು ಕಡೆ, ಅನುಭವದಲ್ಲಿ ಮೂರು ಎಂಬುದು ಇವೆರಡರ ನಡುವೆ ಒಪ್ಪಬಹುದಾದ ಬೆಲೆ. ಮೂರು ಎಂಬುದು ವ್ಯಾಪಾರದ ಅಂಕಿ. ನಾರ್ಮಲ್ ಕೋಷ್ಟಕದ 99.73 ಅದರ ಬೆನ್ನಿಗೆ ಆಮೇಲೆ ಹಚ್ಚಿದ ಚೀಟಿ.

ಇಂಗ್ಲೆಂಡಿನವರಿಗೆ ಇದು ರುಚಿಸಲಿಲ್ಲ. 1935ರಲ್ಲಿ ಇ. ಎಸ್. ಪಿಯರ್ಸನ್ ಅಲ್ಲಿಯ ಸ್ಟ್ಯಾಂಡರ್ಡ್ ಬರೆದ. ಬ್ರಿಟಿಷ್ ಪದ್ಧತಿಯ ಗೆರೆಗಳಿಗೆ ಸಂಭವದ ಅಂಕಿಯೇ ಆಧಾರ: ಒಂದೊಂದು ಬದಿಗೆ ಸಾವಿರಕ್ಕೆ ಒಂದರಂತೆ ಹೊರಬೀಳುವ ಗೆರೆ, ಅಂದರೆ 3.09 ಮಾನಕ ದೋಷ. ಅದರೊಳಗೆ ಇನ್ನೊಂದು ಎಚ್ಚರಿಕೆಯ ಗೆರೆ. 3ಕ್ಕೂ 3.09ಕ್ಕೂ ಕಾಗದದ ಮೇಲೆ ಪೆನ್ಸಿಲ್ ಗೆರೆಯ ದಪ್ಪದಷ್ಟೇ ಅಂತರ, ಆದರೆ ನಂಬಿಕೆಯಲ್ಲಿ ಅಜಗಜಾಂತರ. ನಮ್ಮ ಕಾಲೇಜುಗಳು ಗೆರೆಯನ್ನು ಅಮೆರಿಕದಿಂದ ತಂದವು, ಅದರ ವಿವರಣೆಯನ್ನು ಇಂಗ್ಲೆಂಡಿನಿಂದ ತಂದವು. ಗೊಂದಲದ ಅರ್ಧ ಇಲ್ಲಿದೆ.

ಭಾರತಕ್ಕೆ ಈ ವಿದ್ಯೆ ಬಂದದ್ದು ಮಹಲನೋಬಿಸ್ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಮೂಲಕ. ಅವರ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಇಲ್ಲಿಗೆ ಬಂದು ಕೆಲವು ತಿಂಗಳು ತಿರುಗಾಡಿದ. ಐವತ್ತರ ದಶಕದಲ್ಲಿ ಆ ಸಂಸ್ಥೆ ಮುಂಬೈ, ಬೆಂಗಳೂರುಗಳಲ್ಲಿ ಗುಣಮಟ್ಟ ನಿಯಂತ್ರಣದ ಘಟಕಗಳನ್ನು ತೆರೆಯಿತು. ಭಾರತೀಯ ಮಾನಕ 397 ಕೂಡ ಈ ಚಾರ್ಟುಗಳ ಬಗೆಗೇ ಇದೆ. ಬೆಳಗಾವಿಗೆ ಮಾತ್ರ ಇದ್ಯಾವುದೂ ನೇರವಾಗಿ ತಲುಪಲಿಲ್ಲ. ಇಲ್ಲಿಯ ಫೌಂಡ್ರಿಗಳು, ಆಮೇಲೆ ಬಂದ ಹೈಡ್ರಾಲಿಕ್ಸ್ ಕಾರ್ಖಾನೆಗಳು ಬೆಳೆದದ್ದು ಮೇಸ್ತ್ರಿಗಳ ಕೈಗುಣದ ಮೇಲೆ. ಖಾನಾಪುರದ ಹಂಚಿನ ಭಟ್ಟಿಗಳಲ್ಲೂ ಅದೇ, ಬೆಂಕಿಯ ಬಣ್ಣ ನೋಡಿ ಹೇಳುವ ಕಣ್ಣೇ ಅಲ್ಲಿಯ ಗೇಜು.

ಚಾರ್ಟು ಉದ್ಯಮಬಾಗಕ್ಕೆ ಬಂದದ್ದು ಎಂಬತ್ತರ ದಶಕದ ಕೊನೆಗೆ, ವಾಹನ ಕಂಪನಿಗಳು ತಮಗೆ ಮಾಲು ಕೊಡುವವರೆಲ್ಲ ಎಸ್‌ಪಿಸಿ ಮಾಡಲೇಬೇಕು ಎಂದು ಹಟ ಹಿಡಿದಾಗ. ನನ್ನ ತಲೆಮಾರಿನವರು ಕೆಲಸಕ್ಕೆ ಸೇರಿದ್ದೂ ಅದೇ ಹೊತ್ತಿಗೆ, ಆದ್ದರಿಂದ ಇನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಗ್ರಾಫ್ ಹಾಳೆ, ಕ್ಯಾಲ್ಕುಲೇಟರ್, ಮಶೀನಿನ ಪಕ್ಕದಲ್ಲಿ ತಂತಿಗೆ ಕಟ್ಟಿದ ಪೆನ್ಸಿಲ್, ಇಷ್ಟೇ. ಚುಕ್ಕಿ ಇಡುತ್ತಿದ್ದವನು ಆಪರೇಟರ್. ಅವರಲ್ಲಿ ಬಹಳಷ್ಟು ಜನ ಖಾನಾಪುರದ ಕಡೆಯಿಂದ ಬಸ್ಸಿನಲ್ಲೋ ರೈಲಿನಲ್ಲೋ ಬರುವವರು, ಕನ್ನಡ ಮರಾಠಿ ಎರಡೂ ಬೆರೆಸಿ ಮಾತಾಡುವವರು. ‘ಸಾಹೇಬ್ರ, ಚುಕ್ಕಿ ಹೊರಗ ಬಿತ್ರಿ, ಮಶೀನ್ ನಿಂದ್ರಸ್ಲೇನ್ರಿ?’ ಎಂದು ಯಾರಾದರೂ ಬಂದರೆ ಚಾರ್ಟು ಜೀವಂತವಿದೆ ಎಂದು ಅರ್ಥ.

ಆಗಿನ ಒಂದು ಲೆಕ್ಕವನ್ನು ಸುಲಭದ ಅಂಕಿಗಳಲ್ಲಿ ಬಿಡಿಸುತ್ತೇನೆ. ಸೆಂಟರ್‌ಲೆಸ್ ಗ್ರೈಂಡರಿನಲ್ಲಿ ಸ್ಪೂಲಿನ ಹೊರವ್ಯಾಸ 20 ಮಿಲಿಮೀಟರಿಗೆ ಬರಬೇಕು, ಟಾಲರೆನ್ಸ್ ಆಚೆ ಈಚೆ 8 ಮೈಕ್ರಾನ್. ಏರ್ ಗೇಜ್ ತೋರಿಸುವುದು 20ರಿಂದ ಎಷ್ಟು ಮೈಕ್ರಾನ್ ಹೆಚ್ಚುಕಡಿಮೆ ಎಂಬುದನ್ನು. ಗಂಟೆಗೊಮ್ಮೆ ಸಾಲಾಗಿ ಐದು ಸ್ಪೂಲ್ ಎತ್ತಿ ಅಳೆಯುತ್ತೇವೆ. ಐದರ ಸರಾಸರಿ ಒಂದು ಚುಕ್ಕಿ. ಐದರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ, ಅಂದರೆ ರೇಂಜ್, ಕೆಳಗಿನ ಚಾರ್ಟಿನಲ್ಲಿ ಇನ್ನೊಂದು ಚುಕ್ಕಿ. ಹೀಗೆ ಇಪ್ಪತ್ತು ಗುಂಪು ಆದ ಮೇಲೆ ನೋಡಿದರೆ ಒಟ್ಟು ಸರಾಸರಿ 0.6 ಮೈಕ್ರಾನ್, ರೇಂಜುಗಳ ಸರಾಸರಿ 4 ಮೈಕ್ರಾನ್.

ಐದರ ಗುಂಪಿಗೆ ರೇಂಜಿನ ಸರಾಸರಿಯನ್ನು 2.326ರಿಂದ ಭಾಗಿಸಿದರೆ ಒಂದೊಂದು ಸ್ಪೂಲಿನ ಸಿಗ್ಮಾ ಸಿಗುತ್ತದೆ: 1.72 ಮೈಕ್ರಾನ್. ಆದರೆ ಚಾರ್ಟಿನ ಮೇಲೆ ಇರುವ ಚುಕ್ಕಿ ಒಂದು ಸ್ಪೂಲಿನದಲ್ಲ, ಐದರ ಸರಾಸರಿ. ಒಂದು ದೊಡ್ಡದು, ಒಂದು ಚಿಕ್ಕದು ಪರಸ್ಪರ ಹೊಡೆದುಹೋಗುವುದರಿಂದ ಸರಾಸರಿ ಅಷ್ಟು ಅಲುಗುವುದಿಲ್ಲ. ಅದು ಎಷ್ಟು ಅಲುಗುತ್ತದೆ ಎಂದು ತಿಳಿಯಲು ಸಿಗ್ಮಾವನ್ನು ಐದರ ವರ್ಗಮೂಲದಿಂದ ಭಾಗಿಸಬೇಕು. ಸಿಗುವುದು 0.77 ಮೈಕ್ರಾನ್, ಇದೇ ಮಾನಕ ದೋಷ. (ದೋಷ ಎಂಬ ಶಬ್ದ ಕೇಳಿ ಆಪರೇಟರುಗಳು ಬೆದರುತ್ತಿದ್ದರು. ಇದರಲ್ಲಿ ಯಾರ ದೋಷವೂ ಇಲ್ಲ, ಸರಾಸರಿಯ ಅಲುಗಾಟ ಎಂದರೆ ಸಾಕು.) ಅದರ ಮೂರು ಪಟ್ಟು 2.3. ಆದ್ದರಿಂದ ಗೆರೆಗಳು 0.6ರಿಂದ ಮೇಲೆ 2.9ಕ್ಕೆ, ಕೆಳಗೆ ಮೈನಸ್ 1.7ಕ್ಕೆ. ಕೋಷ್ಟಕದ 0.577ನ್ನು ರೇಂಜಿನ ಸರಾಸರಿಗೆ ಗುಣಿಸಿದರೆ ಒಂದೇ ಹೆಜ್ಜೆಯಲ್ಲಿ ಇದೇ 2.3 ಬರುತ್ತದೆ. ರೇಂಜಿನ ಚಾರ್ಟಿಗೆ ಮೇಲ್ಗೆರೆ 4ರ 2.114 ಪಟ್ಟು, ಅಂದರೆ ಸುಮಾರು 8.5.

ಈಗ ಆ ಹುಡುಗನ ಪ್ರಿಂಟ್‌ಔಟಿಗೆ ಬನ್ನಿ. ಸರಾಸರಿಯ ಚಾರ್ಟಿನಲ್ಲಿ ಗೆರೆ 8ಕ್ಕೆ ಎಳೆದರೆ, ಚುಕ್ಕಿ ಆ ಗೆರೆಯನ್ನು ಮುಟ್ಟುವುದು ಮಶೀನಿನ ಸರಾಸರಿಯೇ 8ಕ್ಕೆ ಹೋದಾಗ. ಆ ಹೊತ್ತಿಗೆ ಅರ್ಧದಷ್ಟು ಸ್ಪೂಲು ಟಾಲರೆನ್ಸ್ ದಾಟಿರುತ್ತವೆ. ಟಾಲರೆನ್ಸ್ ಎಂಬುದು ಒಂದೊಂದು ಸ್ಪೂಲಿನ ಮೇಲೆ ಗಿರಾಕಿ ಹಾಕಿದ ಷರತ್ತು. ಮಶೀನಿನ ಸರಾಸರಿ ಎಷ್ಟು ಅಲುಗಬಹುದು ಎಂಬುದು ಅದಕ್ಕೆ ತಿಳಿಯದು. ಆರು ತಿಂಗಳು ಚುಕ್ಕಿ ಹೊರಗೆ ಹೋಗಲಿಲ್ಲ ಎಂದರೆ ಆಶ್ಚರ್ಯವೇನು?

ಮೂರರ ಬದಲು ಎರಡು ಇಟ್ಟರೆ ಬೇಗ ಗೊತ್ತಾಗುವುದಿಲ್ಲವೇ ಎಂದು ತರಬೇತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಒಳ್ಳೆಯ ಪ್ರಶ್ನೆ, ಇದೇ ಸ್ಪೂಲಿನ ಮೇಲೆ ಉತ್ತರ ಕಟ್ಟಬಹುದು. ಎರಡು ಶಿಫ್ಟಿಗೆ ದಿನಕ್ಕೆ ಹದಿನಾರು ಚುಕ್ಕಿ. ಮಶೀನ್ ಸರಿಯಾಗಿಯೇ ಇದ್ದರೆ ಮೂರರ ಗೆರೆ ಸರಾಸರಿ 370 ಚುಕ್ಕಿಗೊಮ್ಮೆ, ಎಂದರೆ ಸುಮಾರು 23 ದಿನಕ್ಕೊಮ್ಮೆ ಸುಳ್ಳು ಕೂಗುತ್ತದೆ. ಎರಡರ ಗೆರೆ 22 ಚುಕ್ಕಿಗೊಮ್ಮೆ, ಒಂದೂವರೆ ದಿನಕ್ಕೂ ಮೊದಲೇ ಕೂಗುತ್ತದೆ. ಇವು ನಾರ್ಮಲ್ ಲೆಕ್ಕದ ಅಂಕಿಗಳೇ. ಅಂದಾಜಿಗೆ ಅವು ಸಾಕು, ವೇದವಾಕ್ಯ ಅಂದುಕೊಳ್ಳಬಾರದು ಅಷ್ಟೇ. ಇನ್ನು ಮಶೀನ್ ನಿಜವಾಗಿ ಒಂದು ಸಿಗ್ಮಾದಷ್ಟು, 1.72 ಮೈಕ್ರಾನ್, ಸರಿದಿದೆ ಅನ್ನೋಣ. ಮೂರರ ಗೆರೆಗೆ ಅದು ತಿಳಿಯಲು ಸರಾಸರಿ ನಾಲ್ಕೂವರೆ ಚುಕ್ಕಿ ಬೇಕು, ಎರಡರ ಗೆರೆಗೆ ಎರಡಕ್ಕಿಂತ ಕಡಿಮೆ. ಉಳಿಯುವುದು ಮೂರು ಗಂಟೆಗಿಂತ ಕಡಿಮೆ. ಆ ಗಂಟೆಗಳಲ್ಲಿ ಏನು ಕೆಡುತ್ತದೆ? ಸರಿದ ಮೇಲೂ ಮಶೀನಿನ ಸರಾಸರಿ 2.3, ಟಾಲರೆನ್ಸ್ 8, ನಡುವೆ ಇನ್ನೂ ಮೂರಕ್ಕೂ ಹೆಚ್ಚು ಸಿಗ್ಮಾ ಜಾಗವಿದೆ. ಕೆಟ್ಟ ಸ್ಪೂಲ್ ಇಲ್ಲವೆಂದೇ ಹೇಳಬಹುದು. ಆ ಕಡೆ, ಸುಳ್ಳು ಕೂಗಿಗೆ ಒಂದೂವರೆ ದಿನಕ್ಕೊಮ್ಮೆ ಮಶೀನ್ ನಿಲ್ಲಿಸಿ ಚಕ್ರ ತಟ್ಟಿ ನೋಡಬೇಕು. ಇನ್ನೂ ಕೆಟ್ಟದ್ದೆಂದರೆ ಸರಿಯಿದ್ದ ಸೆಟ್ಟಿಂಗನ್ನು ತಿರುವುವುದು. ಪ್ರತಿ ಸಲ ಕಂಡಷ್ಟು ಅಂತರವನ್ನು ಉಲ್ಟಾ ತಿರುವುತ್ತ ಹೋದರೆ ಏರುಪೇರಿನ ವರ್ಗ ದುಪ್ಪಟ್ಟಾಗುತ್ತದೆ, ಸಿಗ್ಮಾ 1.4 ಪಟ್ಟಾಗುತ್ತದೆ. ಡೆಮಿಂಗ್ ಆಲಿಕೆ ಮತ್ತು ಗೋಲಿ ಹಿಡಿದು ತೋರಿಸುತ್ತಿದ್ದುದು ಇದನ್ನೇ. ನಾಲ್ಕು ಸಲ ಸುಳ್ಳು ಕೂಗಿದ ಚಾರ್ಟನ್ನು ಐದನೇ ಸಲ ಆಪರೇಟರ್ ನೋಡುವುದೂ ಇಲ್ಲ. ಈ ಖರ್ಚು ಯಾವ ಸೂತ್ರದಲ್ಲೂ ಇಲ್ಲ.

1956ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕೈಪಿಡಿ ಮೂರರ ಗೆರೆಯ ಜೊತೆಗೆ ಇನ್ನಷ್ಟು ನಿಯಮ ಕೂಡಿಸಿತು. ಒಂದೇ ಬದಿಗೆ ಸತತ ಎಂಟು ಚುಕ್ಕಿ ಬಿದ್ದರೆ ಹುಡುಕು ಎಂಬುದು ಅದರಲ್ಲಿ ಎಲ್ಲರಿಗೂ ಪರಿಚಿತ. ಗ್ರೈಂಡರಿಗೆ ಅದು ಉಪಕಾರಿ, ಏಕೆಂದರೆ ಚಕ್ರ ಸವೆದಂತೆ ಸ್ಪೂಲಿನ ವ್ಯಾಸ ನಿಧಾನವಾಗಿ ಏರುತ್ತದೆ, ಗೆರೆ ಮುಟ್ಟುವ ಮೊದಲೇ ಸಾಲು ಕಾಣುತ್ತದೆ. ಆದರೆ ಕೈಪಿಡಿಯ ನಾಲ್ಕೂ ನಿಯಮ ಒಟ್ಟಿಗೆ ಹಚ್ಚಿದರೆ ಸುಳ್ಳು ಕೂಗು 370ರಿಂದ ಸುಮಾರು 92 ಚುಕ್ಕಿಗೊಮ್ಮೆಗೆ ಇಳಿಯುತ್ತದೆ. ಈಗಿನ ಸಾಫ್ಟ್‌ವೇರಿನಲ್ಲಿ ನಿಯಮಗಳು ನಾಲ್ಕಲ್ಲ, ಎಂಟು. ಎಂಟಕ್ಕೂ ಟಿಕ್ ಹೊಡೆಯುವ ಹುಡುಗರಿದ್ದಾರೆ. ಅವರ ಪರದೆ ದೀಪಾವಳಿಯಂತೆ ಹೊಳೆಯುತ್ತಿರುತ್ತದೆ, ಯಾರೂ ಎದ್ದು ಮಶೀನಿನ ಹತ್ತಿರ ಹೋಗುವುದಿಲ್ಲ. ಸಣ್ಣ ಸರಿತ ಹಿಡಿಯಲೇಬೇಕಾದರೆ 1954ರ ಪೇಜ್ ಅವರ ಕೂಡುಮೊತ್ತದ ಚಾರ್ಟು ಇದೆ, 1959ರಲ್ಲಿ ರಾಬರ್ಟ್ಸ್ ಕೊಟ್ಟ ತೂಕದ ಸರಾಸರಿಯ ಚಾರ್ಟು ಇದೆ. ಎರಡೂ ಚೊಕ್ಕವಾದ ಉಪಕರಣಗಳು, ನಮ್ಮೂರ ಶಾಪ್ ಫ್ಲೋರಿನಲ್ಲಿ ನಾನು ಬಳಕೆಯಲ್ಲಿ ಕಂಡಿಲ್ಲ.

ಸಾಫ್ಟ್‌ವೇರ್ ತಂದ ಇನ್ನೊಂದು ರೋಗ ಇದಕ್ಕಿಂತ ಆಳದ್ದು. ಒಮ್ಮೆ ಅದೇ ಗ್ರೈಂಡರಿನಲ್ಲಿ ಚಕ್ರಕ್ಕೆ ಡ್ರೆಸ್ಸಿಂಗ್ ತಡವಾಗುತ್ತ ಹೋಯಿತು ಅನ್ನಿ. ಪ್ರತಿ ಸಲ ವ್ಯಾಸ ಏರುತ್ತ ಹೋಗುತ್ತದೆ, ಡ್ರೆಸ್ ಮಾಡಿದೊಡನೆ ಕುಸಿಯುತ್ತದೆ. ಗರಗಸದ ಹಲ್ಲಿನಂತೆ ಚುಕ್ಕಿಗಳು ಮೈನಸ್ ಮೂರೂವರೆಯಿಂದ ನಾಲ್ಕೂವರೆಯವರೆಗೆ ಓಡಾಡುತ್ತವೆ. ಸಾಲಾಗಿ ಎತ್ತಿದ ಐದರೊಳಗಿನ ರೇಂಜ್ ಮಾತ್ರ ಮೊದಲಿನಂತೆ 4. ರೇಂಜಿನಿಂದ ಕಟ್ಟಿದ ಗೆರೆಗಳು ಮೊದಲಿನ ಜಾಗದಲ್ಲೇ ಇರುತ್ತವೆ, ಇಪ್ಪತ್ತರಲ್ಲಿ ಎಂಟೊಂಬತ್ತು ಚುಕ್ಕಿ ಹೊರಗೆ ಬೀಳುತ್ತವೆ. ರೋಗ ಎದ್ದು ಕಾಣುತ್ತದೆ. ಆದರೆ ನೂರೂ ಅಳತೆಯನ್ನು ಒಂದೇ ಕಾಲಂನಲ್ಲಿ ಹಾಕಿ ಎಕ್ಸೆಲ್‌ನಿಂದ ಸಿಗ್ಮಾ ಕೇಳಿದರೆ ಅದು ಗರಗಸವನ್ನೂ ಸೇರಿಸಿ 2.9 ಎನ್ನುತ್ತದೆ. ಅದರ ಮೇಲೆ ಗೆರೆ ಕಟ್ಟಿದರೆ 4.5 ಮತ್ತು ಮೈನಸ್ 3.3. ಬಹುತೇಕ ಎಲ್ಲ ಚುಕ್ಕಿಯೂ ಒಳಗೆ! ಕಳ್ಳನ ಅಳತೆ ತೆಗೆದುಕೊಂಡು ಬಾಗಿಲು ಮಾಡಿದಂತೆ. ಮೂರು ಎಂಬ ಅಂಕಿ ಸರಿಯಿದ್ದೂ, ಯಾವುದರ ಮೂರು ಪಟ್ಟು ಎಂಬುದು ತಪ್ಪಿದರೆ ಚಾರ್ಟು ಕುರುಡಾಗುತ್ತದೆ. ಒಂದೇ ಹೊತ್ತಿನಲ್ಲಿ, ಒಂದೇ ಸೆಟ್ಟಿಂಗಿನಲ್ಲಿ ಹುಟ್ಟಿದವುಗಳ ನಡುವಿನ ಅಲುಗಾಟವೇ ಅಳತೆಗೋಲಾಗಬೇಕು. ನಿಮ್ಮ ಚಾರ್ಟು ಯಾವ ಜಾತಿಯದು ಎಂದು ನೋಡಲು ಸುಲಭ ದಾರಿ ಇದೆ: ರೇಂಜಿನ ಸರಾಸರಿಯಿಂದ ಕೈಯಲ್ಲಿ ಒಮ್ಮೆ ಗೆರೆ ಲೆಕ್ಕ ಹಾಕಿ. ಪರದೆಯ ಗೆರೆ ಅದಕ್ಕಿಂತ ಬಹಳ ಅಗಲವಿದ್ದರೆ ಬಾಗಿಲು ಕಳ್ಳನ ಅಳತೆಯದು.

ಇಷ್ಟೂ ಯಂತ್ರದಂಗಡಿಯ ಮಾತು. ಬೆಳಗಾವಿಯ ಹೆಸರು ಇರುವುದು ಫೌಂಡ್ರಿಯಿಂದ, ಅಲ್ಲಿ ಈ ಪಾಠವನ್ನು ತಿರುಗಿಸಿ ಓದಬೇಕು. ತೊಂಬತ್ತರ ದಶಕದಲ್ಲಿ ನಾನಿದ್ದ ಒಂದು ಕಡೆ ಇಂಡಕ್ಷನ್ ಫರ್ನೇಸಿನ ಪ್ರತಿ ಹೀಟಿನಿಂದ ಐದು ಮಾದರಿ ತೆಗೆದು ಸಿಲಿಕಾನ್ ಚಾರ್ಟ್ ಮಾಡಿದೆವು, ಪುಸ್ತಕದಲ್ಲಿ ಐದು ಎಂದಿತ್ತಲ್ಲ. ಒಂದೇ ಲೇಡಲ್‌ನ ಲೋಹ ಕಲಕಿದ ಮಜ್ಜಿಗೆಯಂತೆ, ಐದೂ ಮಾದರಿ ಒಂದೇ. ಸರಾಸರಿ ಸಿಲಿಕಾನ್ ಶೇಕಡಾ 2.20, ಐದರೊಳಗಿನ ರೇಂಜ್ 0.01 ಎಂದರೆ ಗೆರೆಗಳು 2.194ಕ್ಕೆ ಮತ್ತು 2.206ಕ್ಕೆ ಬೀಳುತ್ತವೆ. ಒಂದು ಹೀಟಿನಿಂದ ಇನ್ನೊಂದಕ್ಕೆ ಸ್ಕ್ರ್ಯಾಪು ಬದಲಾಗುತ್ತದೆ, ಹಾಕಿದ ಫೆರೋ ಸಿಲಿಕಾನ್ ಬದಲಾಗುತ್ತದೆ, ಅಂತರ 0.05 ಇದ್ದೇ ಇರುತ್ತದೆ. ಹೆಚ್ಚುಕಡಿಮೆ ಪ್ರತಿ ಹೀಟೂ ಹೊರಗೆ. ಮೂರೇ ವಾರಕ್ಕೆ ಚಾರ್ಟು ಕಪಾಟು ಸೇರಿತು, ಫೌಂಡ್ರಿಗೆ ಎಸ್‌ಪಿಸಿ ಹೊಂದುವುದಿಲ್ಲ ಎಂಬ ಮಾತು ಎಲ್ಲರ ಬಾಯಿಗೆ ಬಂತು. ಆ ಮಾತು ಇವತ್ತಿಗೂ ಮಚ್ಛೆಯಲ್ಲಿ, ನಾವಗೆಯಲ್ಲಿ ಕೇಳಿಬರುತ್ತದೆ.

ತಪ್ಪು ಗುಂಪು ಕಟ್ಟಿದ್ದರಲ್ಲಿ. ಹೀಟು ಒಂದು ಅಂದರೆ ಅಳತೆ ಒಂದು. ಒಂದು ಹೀಟಿಗೂ ಅದರ ಮುಂದಿನದಕ್ಕೂ ಇರುವ ಅಂತರವನ್ನು ಬರೆದುಕೊಂಡು ಅದರ ಸರಾಸರಿ ತೆಗೆದು 2.66ರಿಂದ ಗುಣಿಸಬೇಕು. ಆ 2.66 ಎಂದರೆ ಮೂರನ್ನು 1.128ರಿಂದ ಭಾಗಿಸಿದ್ದು, ಅಲ್ಲೂ ಒಳಗೆ ಕೂತಿರುವುದು ಅದೇ ಮೂರು. ಅಂತರದ ಸರಾಸರಿ 0.05 ಆದರೆ ಗೆರೆಗಳು 2.07ಕ್ಕೆ ಮತ್ತು 2.33ಕ್ಕೆ. ಫೌಂಡ್ರಿಯಲ್ಲಿ ಬದುಕಬಹುದಾದ ಗೆರೆಗಳು ಇವು. ಮರಳಿನ ತೇವಕ್ಕೂ ಇದೇ ದಾರಿ. ಖಾನಾಪುರದ ಭಟ್ಟಿಯಲ್ಲಿ ಒಂದೇ ಬೇಯಿಕೆಯ ಹಂಚುಗಳನ್ನು ಎಣಿಸಿ ಗೆರೆ ಎಳೆದರೆ ನಮ್ಮ ಮೊದಲ ತಪ್ಪೇ ಆಗುತ್ತದೆ, ಬೇಯಿಕೆಯಿಂದ ಬೇಯಿಕೆಗೆ ನೋಡಬೇಕು.

1986ರಿಂದ ಮೊಟೊರೊಲಾ ಹೊರಡಿಸಿದ ಸಿಕ್ಸ್ ಸಿಗ್ಮಾ ಗದ್ದಲದ ಬಗ್ಗೆ ಹೆಚ್ಚು ಹೇಳಲಾರೆ. ಅಲ್ಲಿಯ ಆರು, ಒಂದೊಂದು ವಸ್ತುವಿನ ಸಿಗ್ಮಾದಲ್ಲಿ ಟಾಲರೆನ್ಸ್ ಎಷ್ಟು ದೂರ ಎಂಬ ಎಣಿಕೆ. ಇಲ್ಲಿಯ ಮೂರು, ಸರಾಸರಿಯ ಮಾನಕ ದೋಷದಲ್ಲಿ ಗೆರೆ ಎಷ್ಟು ದೂರ ಎಂಬ ಎಣಿಕೆ. ಆರು ಬಂದ ಮೇಲೆ ಮೂರು ಹಳತಾಯಿತು ಎಂದು ನನಗೆ ಹೇಳಿದವರಲ್ಲಿ ಬೆಲ್ಟು ಕಟ್ಟಿಕೊಂಡವರೂ ಇದ್ದಾರೆ.

ಹಾಗಾದರೆ ಮೂರನ್ನು ಬದಲಿಸಲೇಬಾರದೇ? ಬದಲಿಸಬಹುದು. ಅದೇ 1956ರಲ್ಲಿ ಅಚಿಸನ್ ಡಂಕನ್ ಅದರ ಲೆಕ್ಕ ತೋರಿಸಿದ: ಅಳೆಯುವ ಖರ್ಚು, ಸುಳ್ಳು ಕೂಗಿಗೆ ಹುಡುಕುವ ಖರ್ಚು, ಕೆಟ್ಟ ಮಾಲು ತಯಾರಾಗುವ ಗಂಟೆಯ ನಷ್ಟ, ಮಶೀನ್ ಎಷ್ಟು ಸಲ ಕೆಡುತ್ತದೆ ಎಂಬುದು ಗೊತ್ತಿದ್ದರೆ ಎಷ್ಟರ ಗುಂಪು, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದೂರದ ಗೆರೆ ಎಂಬ ಮೂರನ್ನೂ ಆ ಅಂಗಡಿಗೆ ತಕ್ಕಂತೆ ಕಟ್ಟಬಹುದು. ಟಾಲರೆನ್ಸ್ ಬಿಗಿಯಿದ್ದು, ಒಂದು ಕೆಟ್ಟ ಸ್ಪೂಲು ಇಡೀ ಪಂಪನ್ನು ಕೊಲ್ಲುವಂತಿದ್ದರೆ ಎರಡೂವರೆ ಲಾಭದ್ದಾಗಬಹುದು. ಮಶೀನ್ ನಿಲ್ಲಿಸುವುದೇ ದುಬಾರಿಯಾದರೆ ಮೂರಕ್ಕಿಂತ ಅಗಲವೂ ಸರಿಯಾಗಬಹುದು. ಹುಡುಗನಿಗೆ ಅಂದು ಇದನ್ನೇ ಹೇಳಿ, ನಿಮ್ಮಲ್ಲಿ ಗ್ರೈಂಡರ್ ಒಂದು ಗಂಟೆ ನಿಂತರೆ ಎಷ್ಟು ನಷ್ಟ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಅಕೌಂಟ್ಸಿನವರನ್ನು ಕೇಳಲು ಹೇಳಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದ, ಅವರಿಗೂ ಗೊತ್ತಿಲ್ಲ. ನನ್ನ ಹಳೆಯ ಟ್ರಂಕಿನಲ್ಲಿ ಪೆನ್ಸಿಲ್ ಚಾರ್ಟಿನ ಕಟ್ಟುಗಳಿವೆ, ಅಂಚಿನಲ್ಲಿ ಆಪರೇಟರುಗಳು ಬರೆದ ‘ಚಕ್ರ ಬದಲಿ’, ‘ಕರೆಂಟ್ ಹೋಯ್ತು’, ‘ಹೊಸ ಬಾರ್’ ಎಂಬ ಷರಾಗಳೂ ಇವೆ. ಅವನ ಫೋನು ಬಂದ ಮೇಲೆ ಇಡೀ ಸಂಜೆ ಕೂತು ಹಾಳೆ ತಿರುವಿದೆ. ನಿಂತ ಹೊತ್ತಿಗೆ ಎಷ್ಟು ರೂಪಾಯಿ ಎಂದು ನಾವೂ ಎಲ್ಲೂ ಬರೆದಿರಲಿಲ್ಲ.